ಪಕ್ಕದ ಅಕ್ಷರ

ಪಾದರಾಯನಪುರ, ಗೋರಿಪಾಳ್ಯ, ವಿಜಯನಗರದ ಆಸುಪಾಸಿನ ಮಸೀದಿಗಳಲ್ಲಿ ಸಂಜೆ ಅರಬ್ಬಿ ಓದಲು ಕೂರುವ ಮಕ್ಕಳ ಕೈಯಲ್ಲಿ ಹೆಚ್ಚಾಗಿ ಕಾಣುವುದು ನೂರಾನಿ ಕಾಯಿದಾ ಎಂಬ ತೆಳ್ಳನೆಯ ಪುಸ್ತಕ. ಅದರ ಮೊದಲ ಪಾಠದ ಹೆಸರು ಮುಫ್ರದಾತ್, ಅಂದರೆ ಬಿಡಿ ಅಕ್ಷರಗಳು. ಎರಡನೆಯದು ಮುರಕ್ಕಬಾತ್, ಕೂಡಿಸಿ ಬರೆದವು. ಈ ಎರಡು ಪಾಠಗಳ ನಡುವೆ ಇರುವುದು ಒಂದು ಹಾಳೆಯಷ್ಟು ದೂರ. ಆದರೆ ಮೊದಲ ಪಾಠವನ್ನು ಬಾಯಿಪಾಠ ಮಾಡಿ ಬಂದ ಮಗು ಎರಡನೆಯದನ್ನು ತೆರೆದಾಗ, ನಿನ್ನೆ ಗುರುತು ಹಿಡಿದ ಅಕ್ಷರಗಳಲ್ಲಿ ಮುಕ್ಕಾಲು ಪಾಲು ಅಲ್ಲಿ ಕಾಣುವುದೇ ಇಲ್ಲ. ಬಟ್ಟಲಿನಂತಿದ್ದ ನೂನ್ ಒಂದು ಸಣ್ಣ ಹಲ್ಲಾಗಿರುತ್ತದೆ. ಬಾಯಿ ತೆರೆದು ದೊಡ್ಡ ಬಾಲ ಬಿಟ್ಟುಕೊಂಡಿದ್ದ ಐನ್ ಒಂದು ಗಂಟಾಗಿರುತ್ತದೆ. ಆದರೂ ಸ್ವಲ್ಪ ದಿನದಲ್ಲೇ ಮಗು ಅವನ್ನು ಹೆಸರು ಹಿಡಿದು ಕರೆಯುತ್ತದೆ. ಈ ಗುರುತು ಹಿಡಿಯುವಿಕೆ ಹೇಗೆ ಸಾಧ್ಯ ಎಂಬುದು ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿರುವ ಅಚ್ಚರಿ.

ನಾನು ಕನ್ನಡ ಶಾಲೆಯಲ್ಲಿ ಓದಿದವಳು, ಬಸವೇಶ್ವರನಗರದವಳು. ಅರಬ್ಬಿ ಬರವಣಿಗೆ ನನ್ನ ಕೈಗೆ ಬಂದದ್ದು ದೊಡ್ಡವಳಾದ ಮೇಲೆ. ಕಲಿಸಿದವರು ವಿಜಯನಗರದ ಕಡೆಯ ಒಬ್ಬ ಹಿರಿಯರು. ಅಕ್ಷರಗಳನ್ನು ಕಂಪ್ಯೂಟರು ಜೋಡಿಸುವ ಮುಂಚಿನ ಕಾಲದಲ್ಲಿ ಉರ್ದು ಪತ್ರಿಕೆಗೆ ಕೈಯಲ್ಲಿ ಬರೆದುಕೊಡುತ್ತಿದ್ದ ಕಾತಿಬರು. ಅವರನ್ನು ನಾನು ಉಸ್ತಾದರು ಅನ್ನುತ್ತೇನೆ, ಅವರು ನನ್ನನ್ನು ಅಮ್ಮಾ ಅನ್ನುತ್ತಾರೆ. "ನೂನ್ ಬರೆದು ತೋರಿಸಿ ಉಸ್ತಾದ್" ಎಂದು ನಾನು ಮೊದಮೊದಲು ಕೇಳಿದಾಗಲೆಲ್ಲ ಅವರು ಕಲಮು ಎತ್ತಿಕೊಂಡು, "ಪಕ್ಕದಲ್ಲಿ ಯಾರಿದ್ದಾರೆ ಹೇಳಿಮ್ಮಾ" ಎಂದು ತಿರುಗಿ ಕೇಳುತ್ತಿದ್ದರು. ಕೇಳಿದ್ದಕ್ಕೆ ಉತ್ತರ ಕೊಡದೆ ಏನೋ ಕೇಳುತ್ತಾರಲ್ಲ ಎನ್ನಿಸುತ್ತಿತ್ತು. ಉತ್ತರ ಆ ಪ್ರಶ್ನೆಯಲ್ಲೇ ಇತ್ತು.

ಅರಬ್ಬಿಯಲ್ಲಿ 28 ಅಕ್ಷರ. ಬಲದಿಂದ ಎಡಕ್ಕೆ ಬರೆಯುತ್ತಾರೆ. ಕೈಬರಹವಿರಲಿ ಅಚ್ಚಿರಲಿ, ಪದದೊಳಗಿನ ಅಕ್ಷರಗಳು ಕೂಡಿಕೊಂಡೇ ಇರಬೇಕು. ಬಿಡಿಬಿಡಿಯಾಗಿ ಬರೆಯುವ ಇನ್ನೊಂದು ರೀತಿ ಈ ಲಿಪಿಗೆ ಇಲ್ಲ. ಒಂದೊಂದು ಅಕ್ಷರಕ್ಕೂ ನಾಲ್ಕು ರೂಪ, ಒಂಟಿ, ಆದಿ, ಮಧ್ಯ, ಅಂತ್ಯ ಎಂದು ಪಟ್ಟಿ ಮಾಡಿ ಪುಸ್ತಕಗಳು ಹೇಳಿಕೊಡುತ್ತವೆ. ನಾಲ್ಕನ್ನೂ ಉರು ಹೊಡೆಯುವುದಕ್ಕಿಂತ ಅವು ಹುಟ್ಟುವ ಬಗೆಯನ್ನು ನೋಡಿದರೆ ವಿಷಯ ತಿಳಿಯಾಗುತ್ತದೆ. ಯಾವ ಅಕ್ಷರವನ್ನೇ ಬರೆಯುವಾಗಲೂ ಲೇಖನಿ ಅಲ್ಲಿಗೆ ಎರಡು ರೀತಿಯಲ್ಲಿ ಬರಬಹುದು. ಗಾಳಿಯಿಂದ ಇಳಿದು ಹೊಸದಾಗಿ ಕಾಗದ ಮುಟ್ಟಬಹುದು, ಇಲ್ಲವೆ ಬಲಗಡೆಯ ಅಕ್ಷರದಿಂದ ಗೆರೆ ಎಳೆದುಕೊಂಡೇ ಬರಬಹುದು. ಹೋಗುವಾಗಲೂ ಹಾಗೆಯೇ: ಅಲ್ಲೇ ಮುಗಿಸಿ ಕಾಗದ ಬಿಡಬಹುದು, ಇಲ್ಲವೆ ಎಡಗಡೆಯ ಅಕ್ಷರದ ಕಡೆಗೆ ಹರಿಯಬಹುದು. ಬರುವ ರೀತಿ ಎರಡು, ಹೋಗುವ ರೀತಿ ಎರಡು, ಒಟ್ಟು ನಾಲ್ಕು ಸಂದರ್ಭ. ನಾಲ್ಕು ರೂಪ ಎನ್ನುವುದು ಇಷ್ಟೇ.

ನೂನ್‌ನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಒಂಟಿಯಾಗಿದ್ದಾಗ ಅದು ಬಲಗಡೆ ಒಂದು ಸಣ್ಣ ಮೊನೆಯಿಂದ ಶುರುವಾಗಿ, ಗೆರೆಯ ಕೆಳಕ್ಕೆ ಇಳಿದು, ಆಳವಾದ ಬಟ್ಟಲಾಗಿ, ಎಡಗಡೆ ಮತ್ತೆ ಮೇಲೇಳುತ್ತದೆ. ಬಟ್ಟಲಿನ ಮೇಲೆ ಒಂದು ಚುಕ್ಕೆ. ಕಾತಿಬರ ಬಾಯಲ್ಲಿ ಆ ಬಟ್ಟಲಿಗೆ ದಾಯಿರಾ ಎಂದು ಹೆಸರು, ಚುಕ್ಕೆಗೆ ನುಕ್ತಾ. ಮುಂದೆ ಇನ್ನೊಂದು ಅಕ್ಷರ ಬರುವುದಿದ್ದರೆ ಲೇಖನಿಗೆ ಕೆಳಗಿಳಿದು ಸುತ್ತಿ ಬರಲು ಬಿಡುವಿಲ್ಲ. ಮೊನೆಯನ್ನು ಬರೆದ ಕೂಡಲೇ ಅದು ಗೆರೆಯ ಮೇಲೆಯೇ ಎಡಕ್ಕೆ ತಿರುಗಬೇಕು. ಆಗ ಉಳಿಯುವುದು ಆ ಮೊನೆ ಮಾತ್ರ, ಕಾತಿಬರು ಶೋಶಾ ಎನ್ನುವ ಪುಟ್ಟ ಹಲ್ಲು. ದಾಯಿರಾ ಕಳೆದುಹೋಯಿತು ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಸ್ವಲ್ಪ ನಿಂತು ನೋಡಿದರೆ ಅದು ಕಳೆದುಹೋಗಿಲ್ಲ. ಬಾಲ ಎಳೆಯಬೇಕಿದ್ದ ಚಲನೆಯೇ ಈಗ ಮುಂದಿನ ಅಕ್ಷರಕ್ಕೆ ಹೋಗುವ ಜೋಡುಗೆರೆಯಾಗಿದೆ. ಜೀಮ್, ಸೀನ್, ಸಾದ್, ಐನ್, ಲಾಮ್, ಮೀಮ್, ಯಾ, ಬಾಲವಿರುವ ಅಕ್ಷರಗಳೆಲ್ಲ ಹೀಗೆಯೇ. ಪದ ಮುಂದುವರಿಯುತ್ತಿದ್ದರೆ ಬಾಲವನ್ನು ಬಿಟ್ಟುಕೊಡುತ್ತವೆ, ಮುಂದೆ ಯಾರೂ ಇಲ್ಲದಾಗ ಪೂರ್ತಿ ಬಿಡಿಸುತ್ತವೆ.

ಇದು ಅರಬ್ಬಿಯ ಲಿಪಿಕಾರರು ಕೂತು ಮಾಡಿದ ಏರ್ಪಾಡಲ್ಲ, ಬರೆಯುವ ಕೈಗಳು ಕಾಲಾಂತರದಲ್ಲಿ ಕಂಡುಕೊಂಡ ದಾರಿ. ಪೆಟ್ರಾದ ನಬಾತಿಯರು ಬಳಸುತ್ತಿದ್ದ ಅರಮಾಯಿಕ್ ಲಿಪಿ ಬರೆಯುತ್ತ ಬರೆಯುತ್ತ ಕೂಡಿಕೊಳ್ಳುತ್ತ ಬಂತು. ಸಿರಿಯಾದ ನಮಾರಾದಲ್ಲಿ ಸಿಕ್ಕ ಕ್ರಿ.ಶ. 328ರ ಶಾಸನ ಅರಬ್ಬಿ ಭಾಷೆಯದು, ಆದರೆ ಅದರ ಲಿಪಿ ನಬಾತಿಯರದು; ಅಲ್ಲಿ ಆಗಲೇ ಅಕ್ಷರಗಳು ಒಂದನ್ನೊಂದು ಮುಟ್ಟಿಕೊಂಡಿವೆ. ಅದೇ ಅರಮಾಯಿಕ್ ಮೂಲದ ಹೀಬ್ರೂವಿನಲ್ಲಿ ಅಕ್ಷರಗಳು ಕೂಡುವುದಿಲ್ಲ. ಆದರೂ ಐದು ಅಕ್ಷರಗಳಿಗೆ ಪದದ ಕೊನೆಯಲ್ಲಿ ಬೇರೆ ರೂಪವಿದೆ, ಆ ಐದರಲ್ಲಿ ನಾಲ್ಕಕ್ಕೆ ಕೊನೆಯಲ್ಲಿ ಬಾಲ ನೇರವಾಗಿ ಕೆಳಗಿಳಿಯುತ್ತದೆ. ನಡುವಿದ್ದಾಗ ಆ ಬಾಲ ಮುಂದಿನ ಅಕ್ಷರದ ಕಡೆಗೆ ಬಾಗಿರುತ್ತದೆ. ಮುಂದೆ ಯಾರೋ ಇದ್ದಾರೆ ಎಂದು ತಿಳಿದ ಕೈ ಎಲ್ಲ ಕಡೆಯೂ ಬಾಗುತ್ತದೆ.

ಬಾಲದ ಕಥೆ ಹೋಗುವ ದಾರಿಯದು. ಬರುವ ದಾರಿಯ ಕಥೆ ಐನ್‌ನಲ್ಲಿದೆ. ಐನ್ ಒಂಟಿಯಾಗಿದ್ದಾಗ, ಆದಿಯಲ್ಲಿದ್ದಾಗ, ಅದರ ತಲೆ ಬಲಕ್ಕೆ ಬಾಯಿ ತೆರೆದ ಒಂದು ಕೊಕ್ಕೆ. ಲೇಖನಿ ಮೇಲಿನಿಂದ ಇಳಿದು ನಿರಾಳವಾಗಿ ಆ ಕೊಕ್ಕೆಯನ್ನು ಬಾಗಿಸುತ್ತದೆ. ಮಧ್ಯದಲ್ಲಿ, ಅಂತ್ಯದಲ್ಲಿ ಹಾಗಾಗುವುದಿಲ್ಲ. ಲೇಖನಿ ಬಲಗಡೆಯಿಂದ ಗೆರೆಯ ಮೇಲೆ ಬಂದಿರುತ್ತದೆ, ಅಲ್ಲಿಂದಲೇ ಮೇಲಕ್ಕೆ ಹತ್ತಿ, ತಿರುಗಿ, ತಾನು ಬಂದ ಗೆರೆಯನ್ನೇ ದಾಟಿಕೊಂಡು ಕೆಳಗಿಳಿಯಬೇಕು. ಹಾಗೆ ದಾಟಿದಾಗ ಬಾಯಿ ಮುಚ್ಚಿ ಚಪ್ಪಟೆ ತಲೆಯ ಒಂದು ಗಂಟಾಗುತ್ತದೆ. ತೆರೆದ ಬಾಯಿಯೂ ಮುಚ್ಚಿದ ಗಂಟೂ ಒಂದೇ ಅಕ್ಷರ ಎಂದು ಪಟ್ಟಿ ನೋಡಿ ನಂಬುವುದು ಕಷ್ಟ. ಎರಡನ್ನೂ ಒಂದರ ಪಕ್ಕ ಒಂದು ಬರೆದ ಕೈಗೆ ನಂಬಿಸಬೇಕಾಗಿಯೇ ಇಲ್ಲ.

ಈ 28ರಲ್ಲಿ ಆರು ಅಕ್ಷರಗಳ ಸ್ವಭಾವ ಬೇರೆ. ಅಲಿಫ್, ದಾಲ್, ಝಾಲ್, ರಾ, ಝಾ, ವಾವ್. ಇವು ತಮ್ಮ ಬಲಗಡೆಯವರ ಕೈ ಹಿಡಿಯುತ್ತವೆ, ಎಡಗಡೆಯವರಿಗೆ ಕೈ ಕೊಡುವುದಿಲ್ಲ. ಹಾಗಾಗಿ ಇವುಗಳಿಗೆ ಎರಡೇ ರೂಪ. ಉಳಿದ 22 ಅಕ್ಷರಕ್ಕೆ ನಾಲ್ಕರಂತೆ 88, ಈ ಆರಕ್ಕೆ ಎರಡರಂತೆ 12, ಕೂಡಿದರೆ ಸರಿಯಾಗಿ 100. ಆರು ಅಕ್ಷರಗಳು ಕೈ ಕೊಡದಿರುವುದನ್ನು ಮೊದಲು ನಾನು ಒಂದು ಕೊರತೆ ಎಂದುಕೊಂಡಿದ್ದೆ. ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಬರೆದು ನೋಡಿದಾಗ ಗೊತ್ತಾಯಿತು. ಅಲಿಫ್ ಅಂದರೆ ಒಂದು ನೆಟ್ಟನೆಯ ಗೆರೆ. ಅದನ್ನು ಬುಡದಲ್ಲಿ ಎಡಗಡೆಗೆ ಕೂಡಿಸಿದರೆ ಅದು ಲಾಮ್ ಆಗಿಬಿಡುತ್ತದೆ. ವಾವ್ ಅಂದರೆ ಗುಂಡು ತಲೆ, ಕೆಳಗಿಳಿವ ಬಾಲ. ಅದು ಎಡಕ್ಕೆ ಕೂಡಿದರೆ ಫಾ ಅಕ್ಷರದ ಒಡಲು. ಅಲಿಫ್ ಅಲಿಫ್ ಆಗಿ ಉಳಿದಿರುವುದು ಅದರ ಎಡಗಡೆ ಬಿಟ್ಟಿರುವ ಬಿಳಿಯಿಂದ. ಗೆರೆ ಎಷ್ಟು ಮುಖ್ಯವೋ, ಗೆರೆ ನಿಂತ ಜಾಗವೂ ಅಕ್ಷರಕ್ಕೆ ಅಷ್ಟೇ ಮುಖ್ಯ.

ಹೊಸಬರು ತಪ್ಪುವುದು ಹೆಚ್ಚಾಗಿ ಇಲ್ಲೇ. 'ಅಂತ್ಯರೂಪ' ಎಂಬ ಹೆಸರು ಕೇಳಿ, ಪದದ ಕೊನೆಯಲ್ಲಿ ಬರುವುದೆಲ್ಲ ಅಂತ್ಯರೂಪವೇ ಎಂದುಕೊಳ್ಳುತ್ತಾರೆ. ನಮಗೆಲ್ಲ ಗೊತ್ತಿರುವ ಎರಡು ಮಾತು ತೆಗೆದುಕೊಳ್ಳೋಣ: ಲೇಖನಿ ಎಂಬರ್ಥದ ಕಲಮ್, ಅಬ್ದುಲ್ ಕಲಾಮ್ ಹೆಸರಿನ ಕಲಾಮ್. ಮೊದಲ ಅಕ್ಷರ ಎರಡಕ್ಕೂ ಬೇರೆ ಬೇರೆ, ಅದನ್ನು ಬದಿಗಿಡೋಣ; ಕೊನೆಯ ಮೀಮ್ ನೋಡೋಣ. ಕಲಮ್‌ನಲ್ಲಿ ಮೀಮ್‌ನ ಬಲಕ್ಕೆ ಲಾಮ್ ಇದೆ. ಲಾಮ್ ಕೈ ಕೊಡುವ ಅಕ್ಷರ, ಹಾಗಾಗಿ ಮೀಮ್ ಅಂತ್ಯರೂಪದಲ್ಲಿ ಅದಕ್ಕೆ ಅಂಟಿಕೊಂಡು ಬರುತ್ತದೆ. ಕಲಾಮ್‌ನಲ್ಲಿ ದೀರ್ಘಕ್ಕಾಗಿ ನಡುವೆ ಅಲಿಫ್ ಬಂದಿದೆ. ಅಲಿಫ್ ಕೈ ಕೊಡದು. ಮೀಮ್ ಪದದ ಕೊನೆಯಲ್ಲೇ ಇದ್ದರೂ ಒಂಟಿರೂಪದಲ್ಲಿ, ಹೊಸದಾಗಿ ಕಾಗದ ಮುಟ್ಟಿ ಶುರುವಾಗುತ್ತದೆ. ದಾರುಲ್ ಉಲೂಮ್ ಎನ್ನುವಾಗಿನ ದಾರ್ ಪದ ಇನ್ನೂ ಸ್ಪಷ್ಟ. ದಾಲ್, ಅಲಿಫ್, ರಾ, ಮೂರೂ ಆ ಆರರ ಪೈಕಿ. ಪದ ಒಂದೇ ಆದರೂ ಮೂರು ಅಕ್ಷರಗಳು ಬೇರೆ ಬೇರೆ ನಿಂತಿರುತ್ತವೆ, ಮೂರೂ ಒಂಟಿರೂಪ. ಅಂದರೆ ಪದದಲ್ಲಿ ಎಲ್ಲಿದ್ದೇನೆ ಎಂಬುದು ಅಕ್ಷರದ ಮೈಯನ್ನು ತೀರ್ಮಾನಿಸುವುದಿಲ್ಲ. ಪಕ್ಕದಲ್ಲಿ ಯಾರಿದ್ದಾರೆ, ಅವರು ಕೊಡುವವರೇ ಅಲ್ಲವೇ ಎಂಬುದು ತೀರ್ಮಾನಿಸುತ್ತದೆ. ಉಸ್ತಾದರು ಕೇಳುತ್ತಿದ್ದುದು ಇದನ್ನೇ.

ಒಂದು ದಿನ ಅವರು ನಮ್ಮ ಕಡೆಯ ಊರಿನ ಹೆಸರೊಂದನ್ನೇ ಬರೆಯಲು ಕೊಟ್ಟರು: ಕೆಂಗೇರಿ. ಅರಬ್ಬಿಯಲ್ಲಿ ಗಕಾರಕ್ಕೆ ಅಕ್ಷರವಿಲ್ಲ, ಫಾರ್ಸಿ ಮತ್ತು ಉರ್ದುವಿನವರು ಕಾಫ್‌ನ ಮೇಲೆ ಇನ್ನೊಂದು ಗೆರೆ ಎಳೆದು ಗಾಫ್ ಮಾಡಿಕೊಂಡಿದ್ದಾರೆ. ಹ್ರಸ್ವ ಸ್ವರಗಳನ್ನು ಬರೆಯುವ ವಾಡಿಕೆ ಇಲ್ಲ. ಆದ್ದರಿಂದ ಬರೆಯಬೇಕಾದ ಅಕ್ಷರಗಳು ಬಲದಿಂದ ಎಡಕ್ಕೆ ಇಷ್ಟು: ಕಾಫ್, ನೂನ್, ಗಾಫ್, ಯಾ, ರಾ, ಯಾ.

ಶೈಲಿ ನಸ್ಖ್, ಅಂದರೆ ಪುಸ್ತಕಗಳಲ್ಲಿ ಕಾಣುವ ದುಂಡಾದ ಬರಹ. ಮೊದಲು ಕಾಫ್‌ನ ಒಡಲು ಮಾತ್ರ. ಮೇಲಿನಿಂದ ಬಲಕ್ಕೆ ಓರೆಯಾಗಿ ಇಳಿದು, ಗೆರೆ ಮುಟ್ಟಿ ಎಡಕ್ಕೆ ತಿರುಗುತ್ತದೆ. ಅದರ ನೆತ್ತಿಯ ಓರೆಗೆರೆಯನ್ನು ಈಗ ಎಳೆಯುವಂತಿಲ್ಲ. ಕೈ ಎತ್ತದೆ ನೂನ್‌ನ ಹಲ್ಲು. ಬಲಕ್ಕೂ ಎಡಕ್ಕೂ ಕೊಡುವವರೇ ಇರುವುದರಿಂದ ಹಲ್ಲಿನ ಹೊರತು ನೂನ್‌ಗೆ ಇಲ್ಲಿ ಏನೂ ಇಲ್ಲ. ಹಲ್ಲಿಳಿದು ಗೆರೆಯ ಮೇಲೆ ಬಂದ ಲೇಖನಿ ಗಾಫ್‌ನ ಒಡಲಿಗೆ ಹತ್ತಿ ಇಳಿಯುತ್ತದೆ. ಆಮೇಲೆ ಯಾ, ಮತ್ತೊಂದು ಹಲ್ಲು. ಅಲ್ಲಿಂದ ರಾ. ಗೆರೆಯ ಕೆಳಗೆ ಎಡಕ್ಕೆ ಬಾಗಿ ಜಾರುತ್ತ ತೆಳುವಾಗಿ ಮುಗಿಯುತ್ತದೆ. ಇಲ್ಲಿಯವರೆಗೆ ಐದು ಅಕ್ಷರಗಳ ಒಂದೇ ಓಟ. ರಾ ಎಡಕ್ಕೆ ಕೊಡುವುದಿಲ್ಲ, ಈಗ ಕೈ ಎತ್ತಲೇಬೇಕು. ಸ್ವಲ್ಪ ಬಿಳಿ ಬಿಟ್ಟು ಕೊನೆಯ ಯಾ. ಬಲಗಡೆಯಿಂದ ಏನೂ ಸಿಗಲಿಲ್ಲ, ಎಡಗಡೆ ಯಾರೂ ಇಲ್ಲ, ಹಾಗಾಗಿ ಅದು ಒಂಟಿರೂಪದಲ್ಲಿ ತನ್ನ ಪೂರ್ತಿ ಬಳುಕಿನೊಂದಿಗೆ ಕೂರುತ್ತದೆ. ಒಂದೇ ಪದದಲ್ಲಿ ಒಂದೇ ಅಕ್ಷರ ಒಮ್ಮೆ ಕಾಣದಷ್ಟು ಸಣ್ಣ ಹಲ್ಲಾಗಿ, ಇನ್ನೊಮ್ಮೆ ಇಡೀ ಪದದ ತೂಕ ಹಿಡಿದಿಡುವ ದೊಡ್ಡ ತಿರುವಾಗಿ ಬಂದಿದೆ.

ಒಡಲೆಲ್ಲ ಮುಗಿದ ಮೇಲೆ ಎರಡನೆಯ ಸುತ್ತು. ಕಾಫ್‌ನ ನೆತ್ತಿಗೆ ಒಂದು ಓರೆಗೆರೆ, ಗಾಫ್‌ನ ನೆತ್ತಿಗೆ ಎರಡು. ಕಾತಿಬರು ಇದನ್ನು ಮರ್ಕಝ್ ಎನ್ನುತ್ತಾರೆ. ನೂನ್‌ನ ಹಲ್ಲಿನ ಮೇಲೆ ಒಂದು ಚುಕ್ಕೆ, ನಡುವಿನ ಯಾದ ಹಲ್ಲಿನ ಕೆಳಗೆ ಎರಡು. ಉರ್ದು ವಾಡಿಕೆಯಲ್ಲಿ ಕೊನೆಯ ಯಾಗೆ ಚುಕ್ಕೆ ಇಡುವುದಿಲ್ಲ. ಚುಕ್ಕೆ ಇಡುವ ಮುಂಚೆ ಆ ಎರಡು ಹಲ್ಲುಗಳನ್ನು ನೋಡಿದರೆ ಯಾವುದು ನೂನ್, ಯಾವುದು ಯಾ ಎಂದು ಯಾರೂ ಹೇಳಲಾರರು, ಎರಡೂ ಒಂದೇ. ಹಲ್ಲಿನ ಮೇಲೆ ಒಂದು ಚುಕ್ಕೆಯಾದರೆ ನೂನ್, ಎರಡಾದರೆ ತಾ, ಮೂರಾದರೆ ಸಾ, ಕೆಳಗೆ ಒಂದಾದರೆ ಬಾ, ಎರಡಾದರೆ ಯಾ. ಐದು ಅಕ್ಷರಗಳಿಗೆ ಒಂದೇ ಹಲ್ಲು.

ಬರೆದದ್ದು ಸರಿಯೇ ಎಂದು ಉಸ್ತಾದರು ಪರೀಕ್ಷಿಸುವ ಬಗೆ ನನಗೆ ಇಷ್ಟ. ಅವರು ಅಕ್ಷರಗಳನ್ನು ನೋಡುವುದಕ್ಕೆ ಮುಂಚೆ ಜೋಡುಗಳನ್ನು ನೋಡುತ್ತಾರೆ. ಎರಡು ಅಕ್ಷರ ಸೇರುವಲ್ಲಿ ಮಸಿ ಗಟ್ಟಿಯಾಗಿ ಕಪ್ಪಿಟ್ಟಿದ್ದರೆ, ನಡುವೆ ಕೈ ಎತ್ತಿ ಮತ್ತೆ ಇಟ್ಟಿದ್ದೇನೆ ಎಂದರ್ಥ. ಹಲ್ಲು ಎತ್ತರವಾದರೆ ಅದು ಲಾಮ್‌ನಂತೆ ಕಾಣುತ್ತದೆ. ತೀರ ತಗ್ಗಿದರೆ ಅಕ್ಷರವೇ ಅಳಿದು, ಚುಕ್ಕೆ ಮಾತ್ರ ಒಡಲಿಲ್ಲದೆ ತೂಗಾಡುತ್ತದೆ. ಸೀನ್‌ನಲ್ಲಿ ಮೂರು ಹಲ್ಲಿರುವುದರಿಂದ ಅದರ ಹಿಂದೆ ಇನ್ನೊಂದು ಹಲ್ಲಿನ ಅಕ್ಷರ ಬಂದಾಗ ಆ ಹಲ್ಲನ್ನು ಒಂದಿಷ್ಟು ಎತ್ತರಿಸಬೇಕು, ಇಲ್ಲದಿದ್ದರೆ ನಾಲ್ಕು ಹಲ್ಲುಗಳ ಸಾಲಿನಲ್ಲಿ ಕಣ್ಣು ದಾರಿ ತಪ್ಪುತ್ತದೆ. ಒಂದೇ ಅಳತೆಯ ಹಲ್ಲುಗಳು ಸಾಲಾಗಿ ಬಂದಲ್ಲಿ ಒಂದನ್ನು ಎತ್ತಿ ಒಂದನ್ನು ತಗ್ಗಿಸುತ್ತಾರೆ. ಪಕ್ಕದವರು ತನ್ನಂತೆಯೇ ಇದ್ದರೆ ತಾನು ಸ್ವಲ್ಪ ಬೇರೆಯಾಗಬೇಕು, ಆಗಲೇ ಇಬ್ಬರೂ ಓದಿಗೆ ಸಿಗುವುದು.

ಇಷ್ಟು ಬರೆದ ಮೇಲೆ ಕನ್ನಡದ ಅಕ್ಷರಗಳೇ ನನಗೆ ಹೊಸದಾಗಿ ಕಾಣತೊಡಗಿದವು. ನಮ್ಮ ಕಕಾರಕ್ಕೆ ತಲೆಕಟ್ಟು ಇದೆ. ಗುಡಿಸು ಬಂದರೆ ತಲೆಕಟ್ಟು ಜಾಗ ಬಿಡುತ್ತದೆ. ಒತ್ತಾಗಿ ಇನ್ನೊಂದು ಅಕ್ಷರದ ಕೆಳಗೆ ಇಳಿದಾಗಲೂ ಅಷ್ಟೆ, ತಲೆಕಟ್ಟನ್ನು ಬಿಟ್ಟೇ ಇಳಿಯುತ್ತದೆ. ತ, ನ, ಮ, ಯ, ರ, ಲ ಇವಂತೂ ಒತ್ತಾದಾಗ ಗುರುತೇ ಸಿಗದಂತೆ ಬದಲಾಗುತ್ತವೆ. 'ಅಮ್ಮ' ಎಂಬಲ್ಲಿ ಮೇಲಿನ ಮಕಾರವನ್ನೂ ಕೆಳಗಿನ ಒತ್ತನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದು, ಕನ್ನಡ ತಿಳಿಯದವರಿಗೆ ತೋರಿಸಿ, ಎರಡೂ ಒಂದೇ ಅಕ್ಷರ ಎಂದರೆ ಅವರು ನಂಬುವುದಿಲ್ಲ. ರಕಾರಕ್ಕೆ ಮೂರು ಮೈ: ತಾನೇ ತಾನಾಗಿ ಒಂದು, 'ಪ್ರ'ದಲ್ಲಿ ಒಂದು, 'ಸೂರ್ಯ'ದಲ್ಲಿ ಅರ್ಕಾವೊತ್ತಾಗಿ ಇನ್ನೊಂದು. ಎರಡು ಲಿಪಿಗಳ ನಡುವೆ ಒಂದು ವ್ಯತ್ಯಾಸ ಉಂಟು. ಕನ್ನಡದಲ್ಲಿ ರೂಪ ಬದಲಾದರೆ ಉಚ್ಚಾರದಲ್ಲಿ ಏನೋ ಆಗಿರುತ್ತದೆ, ಸ್ವರ ಬದಲಾಗಿರುತ್ತದೆ ಇಲ್ಲವೆ ನಡುವಿನ ಸ್ವರ ಬಿದ್ದಿರುತ್ತದೆ. ಅರಬ್ಬಿಯಲ್ಲಿ ಉಚ್ಚಾರದಲ್ಲಿ ಏನೂ ಆಗಿರುವುದಿಲ್ಲ. ನೂನ್ ಬಟ್ಟಲಾದರೂ ಹಲ್ಲಾದರೂ ನಾಲಿಗೆಗೆ ಒಂದೇ. ಬದಲಾಗಿರುವುದು ಕೈಯ ನಡೆ ಮಾತ್ರ.

ಈ ಎರಡು ಲಿಪಿಗಳೂ ಕಂಪ್ಯೂಟರಿನೊಳಗೆ ಒಂದು ಕಡೆ ಸಂಧಿಸುತ್ತವೆ. ಯೂನಿಕೋಡ್‌ನಲ್ಲಿ ನೂನ್‌ಗೆ ಇರುವುದು ಒಂದೇ ಅಂಕೆ, U+0646. ಕೀಲಿಮಣೆಯಲ್ಲೂ ಒಂದೇ ಕೀಲಿ. ಬಟ್ಟಲು ಬೇಕೋ ಹಲ್ಲು ಬೇಕೋ ಎಂದು ಪಕ್ಕದ ಅಕ್ಷರಗಳನ್ನು ನೋಡಿ ಆ ಕ್ಷಣದಲ್ಲಿ ತೀರ್ಮಾನಿಸುವುದು ತಂತ್ರಾಂಶ ಮತ್ತು ಫಾಂಟಿನ ಕೆಲಸ. ಅದು ಕೈಕೊಟ್ಟಾಗ ಅರಬ್ಬಿ ಅಕ್ಷರಗಳೆಲ್ಲ ಒಂಟಿರೂಪದಲ್ಲಿ ಚದುರಿ, ಕೆಲವೊಮ್ಮೆ ಎಡದಿಂದ ಬಲಕ್ಕೆ ತಿರುಗುಮುರುಗಾಗಿ ಫಲಕಗಳ ಮೇಲೆ ಬಂದುಬಿಡುತ್ತವೆ. ಕನ್ನಡದಲ್ಲಿ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತುಬಿಡುವುದನ್ನು ಕಂಡವರಿಗೆ ಆ ಸಂಕಟ ಅರ್ಥವಾಗುತ್ತದೆ. ಇನ್ನು ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯ ಹೆಸರನ್ನು ಬೆರಳಚ್ಚಿಸಿ ನೋಡಿ. ರಾಜ್ ಆದ ಮೇಲೆ ಕು ಒತ್ತಿದರೆ ಕಕಾರ ಜಕಾರದ ಕೆಳಗೆ ಒತ್ತಾಗಿ ಹೋಗಿ ಕೂರುತ್ತದೆ. ಅದನ್ನು ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಬೇಕು, U+200C. ಇರಾನಿನವರು ಫಾರ್ಸಿಯಲ್ಲಿ ಕ್ರಿಯಾಪದದ 'ಮೀ' ಎಂಬ ಪೂರ್ವಪ್ರತ್ಯಯವನ್ನು ಮುಂದಿನ ಅಕ್ಷರಕ್ಕೆ ಅಂಟದಂತೆ, ಆದರೆ ಖಾಲಿ ಜಾಗವನ್ನೂ ಬಿಡದೆ ಬರೆಯುವಾಗ ಹಾಕುವುದೂ ಇದೇ U+200C. ರಾಜ್‌ಕುಮಾರ್ ಹೆಸರಿನ ಜಕಾರವನ್ನೂ ತೆಹರಾನಿನ ಒಂದು ಯಾ ಅಕ್ಷರವನ್ನೂ ಒಂದೇ ಕಾಣದ ಗುರುತು ಕಾಯುತ್ತಿದೆ. 'ಪಕ್ಕದವರು ಇದ್ದಾರೆ, ಆದರೂ ಕೂಡಬೇಡ' ಎಂದು ಹೇಳುವುದಕ್ಕೂ ಒಂದು ಗುರುತು ಬೇಕಾಯಿತಲ್ಲ, ಎಂಥ ಸೋಜಿಗ!

ಕೂಡುವುದಕ್ಕೆ ಎಷ್ಟು ಬಲವಿದೆ ಎಂಬುದನ್ನು ನಾನು ಕಂಡದ್ದು ವಿಜಯಪುರದಲ್ಲಿ. 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಸಮಾಧಿ ಇಬ್ರಾಹಿಂ ರೋಜಾದಲ್ಲಿದೆ. ಅದರ ಕಿಟಕಿಗಳ ಜಾಲಂಧ್ರಗಳನ್ನು ಅರಬ್ಬಿ ಅಕ್ಷರಗಳಿಂದಲೇ ಕಡೆದಿದ್ದಾರೆ. ಅಕ್ಷರಗಳ ನಡುವಿನ ಜಾಗವನ್ನು ಕೊರೆದು ತೆಗೆದಿದ್ದಾರೆ, ಬೆಳಕು ಒಳಗೆ ಬರುವುದು ಆ ಸಂದುಗಳಿಂದ. ಕಾಗದದ ಮೇಲೆ ಕೈ ಕೊಡದ ಅಕ್ಷರ ಸುಮ್ಮನೆ ಬೇರೆ ನಿಲ್ಲಬಹುದು, ಚುಕ್ಕೆ ಗಾಳಿಯಲ್ಲಿ ತೇಲಬಹುದು. ಕೊರೆದ ಕಲ್ಲಿನಲ್ಲಿ ಅದು ನಡೆಯದು. ಪಕ್ಕದವರನ್ನೋ ಚೌಕಟ್ಟನ್ನೋ ಮುಟ್ಟದ ಗೆರೆ ಉದುರಿಯೇ ಹೋಗುತ್ತದೆ. ಹಾಗಾಗಿ ಅಲ್ಲಿ ಅಕ್ಷರಗಳು ಹೆಣೆದುಕೊಂಡಿವೆ, ಒಂದರ ಮೇಲೊಂದು ಒರಗಿವೆ. ಅಲ್ಲಿ ಓದನ್ನೂ ಕಲ್ಲನ್ನೂ ಹಿಡಿದಿರುವುದು ಒಂದೇ ಜೋಡು.

ಇದನ್ನೆಲ್ಲ ಕೈಗೆ ತಂದುಕೊಳ್ಳುವ ದಾರಿಗೆ ಮಶ್ಕ್ ಎಂದು ಹೆಸರು. ಬಾಗ್ದಾದಿನ ಇಬ್ನ್ ಮುಕ್ಲಾ, 940ರಲ್ಲಿ ತೀರಿಕೊಂಡವನು, ಅಕ್ಷರಗಳಿಗೆ ಅಳತೆ ಕೊಟ್ಟವನೆಂದು ಪ್ರಸಿದ್ಧ. ಓರೆಯಾಗಿ ಕತ್ತರಿಸಿದ ಕಲಮಿನ ತುದಿಯನ್ನು ಕಾಗದದ ಮೇಲೆ ಒತ್ತಿದರೆ ಮೂಡುವ ವಜ್ರಾಕಾರದ ಚುಕ್ಕೆಯೇ ಅಳತೆಗೋಲು. ಸುಲುಸ್ ಶೈಲಿಯಲ್ಲಿ ಅಲಿಫ್‌ಗೆ ಸಾಮಾನ್ಯವಾಗಿ ಏಳು ಚುಕ್ಕೆ ಎತ್ತರ, ನಸ್ಖ್‌ನಲ್ಲಿ ಐದು. ತುರ್ಕಿಯ ಸಂಪ್ರದಾಯದಲ್ಲಿ ಬಿಡಿ ಅಕ್ಷರಗಳು ಮುಗಿದ ಮೇಲೆ ವಿದ್ಯಾರ್ಥಿ ನೇರವಾಗಿ ಪದಕ್ಕೆ ಹೋಗುವುದಿಲ್ಲ. ಬಾ ಅಕ್ಷರವನ್ನು ಸಾಲಾಗಿ ಒಂದೊಂದರ ಜೊತೆಗೂ ಕೂಡಿಸುತ್ತಾನೆ: ಬಾ-ಅಲಿಫ್, ಬಾ-ಬಾ, ಬಾ-ಜೀಮ್, ಬಾ-ದಾಲ್, ಹೀಗೆ ಕೊನೆಯವರೆಗೆ. ಅದಾದ ಮೇಲೆ ಜೀಮ್‌ನ ಸರದಿ, ಆಮೇಲೆ ಸೀನ್‌ನ ಸರದಿ. ನಮ್ಮ ಬೆಂಗಳೂರಿನವರೇ ಆದ ಮುಖ್ತಾರ್ ಅಹ್ಮದ್ ಇಸ್ತಾನ್‌ಬುಲ್ ಪರಂಪರೆಯ ಇಜಾಝಾ, ಅಂದರೆ ಬರೆಯುವ ಮತ್ತು ಕಲಿಸುವ ಅನುಮತಿ, ಪಡೆದು ಇದೇ ಊರಿನಲ್ಲಿ ಈ ಕಲೆಯನ್ನು ಕಲಿಸುತ್ತ ಬಂದಿದ್ದಾರೆ.

ಆ ಜೋಡಿ ಸಾಲುಗಳನ್ನು ಬರೆದಾಗ ನಾಲ್ಕು ರೂಪಗಳ ಲೆಕ್ಕವೂ ಸಾಲದು ಎಂದು ತಿಳಿಯುತ್ತದೆ. ಬಾ ಆದಿಯಲ್ಲಿದೆ ಎನ್ನುವುದಷ್ಟೇ ಸಾಕಾಗುವುದಿಲ್ಲ. ಅಲಿಫ್‌ನ ಮುಂಚೆ ಅದು ಗೆರೆಯ ಮೇಲಿನ ಒಂದು ಹಲ್ಲು. ಜೀಮ್‌ನ ಮುಂಚೆ ಅದೇ ಹಲ್ಲು ಗೆರೆ ಬಿಟ್ಟು ಮೇಲಕ್ಕೆ ಹೋಗಿ, ಜೀಮ್‌ನ ತಲೆಯ ಮೇಲಿನಿಂದ ಇಳಿದು ಬರುತ್ತದೆ. ಏಕೆಂದರೆ ಜೀಮ್ ತನ್ನ ತಲೆಯನ್ನು ಮೇಲಿನಿಂದಲೇ ಶುರು ಮಾಡಬೇಕು, ಅಲ್ಲಿಗೆ ತಲುಪುವುದು ಹಿಂದಿನವನ ಹೊಣೆ. ಅಚ್ಚಿನಲ್ಲಿ ಬಹಳಷ್ಟು ಸಲ ಇದನ್ನು ಸಪಾಟಾಗಿಸಿ ಗೆರೆಯ ಮೇಲೆಯೇ ಕೂಡಿಸಿಬಿಡುತ್ತಾರೆ. ಕೈ ಮಾತ್ರ ಮುಂದಿನ ಅಕ್ಷರ ಯಾವುದೆಂದು ಮೊದಲೇ ತಿಳಿದು, ಅದಕ್ಕೆ ಬೇಕಾದ ಎತ್ತರದಲ್ಲಿ ಈಗಿನ ಅಕ್ಷರವನ್ನು ಶುರು ಮಾಡುತ್ತದೆ. ಇನ್ನೂ ಬರೆಯದ ಅಕ್ಷರ ಬರೆಯುತ್ತಿರುವ ಅಕ್ಷರವನ್ನು ತಿದ್ದುತ್ತಿರುತ್ತದೆ.

ಹಾಗಾದರೆ ನೂನ್‌ನ ನಿಜರೂಪ ಯಾವುದು? ಪಟ್ಟಿಯಲ್ಲಿರುವ ಬಟ್ಟಲೇ ನಿಜ, ಉಳಿದವು ಅದರ ತುಂಡುಗಳು ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಪಟ್ಟಿಯಲ್ಲಿ ಅಕ್ಷರಗಳು ಪಕ್ಕದವರಿಲ್ಲದೆ ನಿಂತಿರುತ್ತವೆ, ಅದಕ್ಕೇ ಹಾಗೆ ಕಾಣುತ್ತವೆ. ಒಂಟಿಯಾಗಿರುವುದೂ ನಾಲ್ಕು ಸಂದರ್ಭಗಳಲ್ಲಿ ಒಂದು, ಅದಕ್ಕೆ ಹೆಚ್ಚಿನ ಅಧಿಕಾರವೇನೂ ಇಲ್ಲ. ಪದದ ನಡುವೆ ನೂನ್‌ಗೆ ಉಳಿದಿರುವುದು ಇನ್ನೂ ನಾಲ್ವರೊಂದಿಗೆ ಹಂಚಿಕೊಂಡ ಹಲ್ಲು, ತನ್ನದೇ ಎನ್ನಲು ಒಂದು ಚುಕ್ಕೆ. ಹಾಗೆ ನೋಡಿದರೆ ಆ ಚುಕ್ಕೆಯೂ ಖಾಯಂ ಅಲ್ಲ. ಈಜಿಪ್ಟಿನಲ್ಲಿ ಸಿಕ್ಕಿದ, 643ನೇ ಇಸವಿಯ ಕುರಿಗಳ ರಸೀತಿಯೊಂದಿದೆ, ಪಪೈರಸ್ ಮೇಲೆ ಗ್ರೀಕ್ ಮತ್ತು ಅರಬ್ಬಿ ಎರಡರಲ್ಲೂ ಬರೆದದ್ದು. ಅದರಲ್ಲಿ ಚುಕ್ಕೆಗಳಿವೆ, ಆದರೆ ಕೆಲವೇ ಅಕ್ಷರಗಳಿಗೆ. ಹಳೆಯ ಕುರ್‌ಆನ್ ಪ್ರತಿಗಳಲ್ಲೂ ಚುಕ್ಕೆ ಬಹಳ ವಿರಳ. ಚುಕ್ಕೆ ಇಡುವುದು ಗೊತ್ತಿದ್ದವರೇ ಬಹಳ ಕಡೆ ಇಡದೆ ಬಿಟ್ಟರು, ಓದುವವರು ಓದಿಕೊಂಡರು. ಚುಕ್ಕೆ ಕಳಚಿದ ಆ ಹಲ್ಲು ನೂನ್ ಹೌದೋ ಅಲ್ಲವೋ ಎಂದು ಅವರಿಗೆ ಹೇಳಿದ್ದು ಅದರ ಬಲಗಡೆಯ ಅಕ್ಷರ, ಎಡಗಡೆಯ ಅಕ್ಷರ, ಅದಕ್ಕೂ ಆಚೆಯ ಪದ. ಅಕ್ಷರಕ್ಕೆ ಮೈ ಕೊಟ್ಟವರೇ ಹೆಸರನ್ನೂ ಕೊಟ್ಟಿದ್ದರು. ಬರೆಯುವ ಕೈಗೂ ಓದುವ ಕಣ್ಣಿಗೂ ಇಷ್ಟೊಂದು ನಂಬಿಕೆ ಇರಿಸಿದ ಲಿಪಿ ಇಷ್ಟು ಶತ ಶತಮಾನ ಬಾಳಿದೆ ಎಂದರೆ, ಅಕ್ಷರವೊಂದರ ಗುರುತು ಅದರೊಳಗೇ ಇರಬೇಕು ಎಂಬ ನಮ್ಮ ಎಣಿಕೆಯನ್ನು ಬಿಟ್ಟುಕೊಡಲು ನನಗೆ ಹಿಂಜರಿಕೆಯಿಲ್ಲ.